ಮೈಲುತುತ್ತಿಗೆ ಎರಡು ಹೆಸರು: ಐವರ ತಿದ್ದುಪಡಿಗಳನ್ನು ಒಂದೇ ಕರಡಿನಲ್ಲಿ ಸೇರಿಸಿದ ಅನುಭವ

ಕಳೆದ ವರ್ಷ ಮಾರ್ಚ್ ತಿಂಗಳಲ್ಲಿ ನನ್ನ ಪಾಲಿಗೆ ಬಂದದ್ದು 16 ಪುಟಗಳ ಒಂದು ಕೈಪಿಡಿ. ವಿಷಯ ಅಡಿಕೆಯ ಕೊಳೆರೋಗ ಮತ್ತು ಅದಕ್ಕೆ ಹೊಡೆಯುವ ಬೋರ್ಡೋ ದ್ರಾವಣ. ನಾನು ಸಾಗರದ ಕಡೆಯ ಒಂದು ರೈತ ಸಂಸ್ಥೆಯಲ್ಲಿ ಪ್ರಕಟಣೆಗಳನ್ನು ನೋಡಿಕೊಳ್ಳುತ್ತೇನೆ. ಮೇ ಎರಡನೆಯ ವಾರದೊಳಗೆ ಕೈಪಿಡಿ ಅಚ್ಚಾಗಿ ತೋಟದವರ ಕೈ ಸೇರಬೇಕಿತ್ತು, ಏಕೆಂದರೆ ಮೊದಲ ಸುತ್ತಿನ ಔಷಧ ಹೊಡೆಯುವುದು ಮಳೆ ಹಿಡಿಯುವ ಮೊದಲು. ಮಳೆ ಬಂದ ಮೇಲೆ ಹಂಚಿದರೆ ಪುಸ್ತಕ ಬರೆದೂ ಬರೆಯದಂತೆ.

ಮೊದಲ ಕರಡು ಹನ್ನೆರಡು ದಿನಗಳಲ್ಲಿ ಮುಗಿಯಿತು. ಅದನ್ನು ಐವರಿಗೆ ಕಳುಹಿಸಿದೆ. ಒಬ್ಬರು ಸಸ್ಯರೋಗ ತಜ್ಞರು, ನಿವೃತ್ತರು. ಒಬ್ಬರು ನಮ್ಮ ಕ್ಷೇತ್ರ ಸಹಾಯಕರು, ವಾರದಲ್ಲಿ ನಾಲ್ಕು ದಿನ ತೋಟಗಳಲ್ಲೇ ಇರುವವರು. ಸುಳ್ಯದ ಕಡೆಯ ನಮ್ಮ ಶಾಖೆಯವರು ಒಬ್ಬರು. ಸಂಸ್ಥೆಯ ಕಾರ್ಯದರ್ಶಿ ಒಬ್ಬರು. ಐದನೆಯವರು ಲೆಕ್ಕಪತ್ರ ನೋಡುವ ನಮ್ಮ ಅಕ್ಕ. ಅವರ ಮನೆಯಲ್ಲೂ ಎರಡು ಎಕರೆ ತೋಟವಿದೆ. ಎಲ್ಲರಿಗೂ ಹತ್ತು ದಿನಗಳ ಗಡುವು ಕೊಟ್ಟಿದ್ದೆ.

ಬಂದದ್ದು ಒಟ್ಟು 137 ಸಲಹೆಗಳು. ಮೂವರು ವರ್ಡ್ ಕಡತದಲ್ಲೇ ಬದಲಾವಣೆಗಳನ್ನು ಗುರುತು ಮಾಡಿ ಕಳುಹಿಸಿದ್ದರು. ಅಕ್ಕ ಮುದ್ರಿಸಿದ ಪ್ರತಿಯ ಅಂಚಿನಲ್ಲಿ ಪೆನ್ಸಿಲಿನಿಂದ ಬರೆದಿದ್ದರು. ತಜ್ಞರು ತಮ್ಮ ಹಳೆಯ ಗಣಕಯಂತ್ರದಲ್ಲಿ, ಯೂನಿಕೋಡ್ ಅಲ್ಲದ ನುಡಿ ಅಕ್ಷರಗಳಲ್ಲಿ ಮೂರು ಪುಟ ಟೈಪು ಮಾಡಿ ಕಳುಹಿಸಿದ್ದರು. ನನ್ನ ಕಡತಕ್ಕೆ ಅದನ್ನು ಅಂಟಿಸಿದರೆ ಕನ್ನಡ ಎಂಬ ಪದ `PÀ£ÀßqÀ` ಎಂದು ಕಾಣಿಸುತ್ತಿತ್ತು. ಪರಿವರ್ತಕದಲ್ಲಿ ಹಾಕಿ ತೆಗೆದ ಮೇಲೂ ಒತ್ತಕ್ಷರಗಳನ್ನು ಒಂದೊಂದಾಗಿ ಮೂಲದೊಡನೆ ಹೋಲಿಸಿ ನೋಡಬೇಕಾಯಿತು. ಇಂಥ ಕೆಲಸಕ್ಕೆ ಒಂದು ಇಡೀ ದಿನ ಹೋಗುತ್ತದೆ ಎಂಬುದನ್ನು ಗಡುವು ಹಾಕುವಾಗಲೇ ಲೆಕ್ಕಕ್ಕೆ ಹಿಡಿಯಬೇಕು.

ವರ್ಡ್ ಕಡತಗಳು ಮೂರನ್ನೂ `Combine` ಬಳಸಿ ಒಂದಾಗಿಸಿದೆ. ಅದು ಒಂದು ಸಲಕ್ಕೆ ಎರಡು ಕಡತಗಳನ್ನು ಮಾತ್ರ ಸೇರಿಸುತ್ತದೆ, ಹಾಗಾಗಿ ಸೇರಿಸಿದ್ದಕ್ಕೆ ಮೂರನೆಯದನ್ನು ಮತ್ತೆ ಸೇರಿಸಬೇಕು. ಮೊದಲ ಕರಡಿನ ಒಂದು ಪ್ರತಿಯನ್ನು ಯಾರೂ ಮುಟ್ಟದಂತೆ ಬೇರೆ ಹೆಸರಿನಲ್ಲಿ ಎತ್ತಿಟ್ಟಿದ್ದೆ. ಆ ಒಂದು ಪ್ರತಿ ಮುಂದೆ ನನ್ನನ್ನು ಉಳಿಸಿತು.

ಏಕೆಂದರೆ ಅವಸರದಲ್ಲಿ ನಾನು ಮಾಡಿದ್ದು ಇಷ್ಟು: ಸ್ಪಷ್ಟವಾಗಿ ತಪ್ಪೆನಿಸಿದ ಹತ್ತು ಹದಿನೈದನ್ನು ತಳ್ಳಿಹಾಕಿ, ಉಳಿದವಕ್ಕೆ `Accept All Changes` ಒತ್ತಿದೆ. ಪೆನ್ಸಿಲ್ ಟಿಪ್ಪಣಿಗಳನ್ನೂ ತಜ್ಞರ ಪುಟಗಳನ್ನೂ ಆಯಾ ಜಾಗಕ್ಕೆ ಸೇರಿಸಿದೆ. ಐವರೂ ವಿಷಯ ಬಲ್ಲವರು, ಉಳಿದದ್ದರಲ್ಲಿ ತಪ್ಪೇನೂ ಇರಲಿಲ್ಲ. ಕರಡು ಹೆಚ್ಚು ತುಂಬಿಕೊಂಡಿತು ಎಂದೇ ಅನ್ನಿಸಿತು.

ಮರುದಿನ ಅದರ ಮುದ್ರಿತ ಪ್ರತಿ ಹಿಡಿದು ಹತ್ತಿರದ ಹಳ್ಳಿಯ ಒಬ್ಬ ಬೆಳೆಗಾರರ ಮನೆಗೆ ಹೋದೆ. ಅರವತ್ತು ದಾಟಿದವರು. ಪತ್ರಿಕೆಯನ್ನು ದಿನವೂ ಓದುತ್ತಾರೆ, ಬೋರ್ಡೋ ಮಾತ್ರ ಅಷ್ಟು ವರ್ಷವೂ ಅವರ ಅಣ್ಣನೇ ತಯಾರಿಸುತ್ತಿದ್ದುದು. ಆ ವರ್ಷ ಅಣ್ಣ ಇರಲಿಲ್ಲ. ಅವರಿಗೆ ಪುಟ 5 ಕೊಟ್ಟು ಗಟ್ಟಿಯಾಗಿ ಓದಲು ಕೇಳಿಕೊಂಡೆ. ಓದಿದರು. ಅರ್ಧದಲ್ಲಿ ನಿಲ್ಲಿಸಿ, ಮತ್ತೆ ಮೇಲಿನ ಸಾಲಿಗೆ ಹೋಗಿ, ಬೆರಳು ಮಡಿಸಿ ಎಣಿಸಿದರು.

"ಇದರಲ್ಲಿ ಮೂರು ಸಾಮಾನು ಬೇಕಲ್ಲವೇ ತಂಗಿ? ಮೈಲುತುತ್ತು ಒಂದು ಕಿಲೋ, ಸುಣ್ಣ ಒಂದು ಕಿಲೋ. ಈ ತಾಮ್ರದ ಸಲ್ಫೇಟ್ ಎಷ್ಟು ಎಂದು ಬರೆದೇ ಇಲ್ಲವಲ್ಲ."

ಮೈಲುತುತ್ತು ಎಂದರೆ ತಾಮ್ರದ ಸಲ್ಫೇಟೇ. ನನ್ನ ಕರಡಿನಲ್ಲಿ ಮೈಲುತುತ್ತು ಎಂದಿತ್ತು. ಮುಂದಿನ ಸಾಲಿನಲ್ಲಿ ತಜ್ಞರು "ತಾಮ್ರದ ಸಲ್ಫೇಟ್ ಪುಡಿಯ ರೂಪದಲ್ಲಿದ್ದರೆ ಶೀಘ್ರವಾಗಿ ಕರಗುತ್ತದೆ" ಎಂದು ಸೇರಿಸಿದ್ದರು. ಎರಡೂ ನಿಜ, ಎರಡೂ ಕನ್ನಡ. ಆದರೆ ಅಕ್ಕಪಕ್ಕ ಕೂತಾಗ ಒಂದು ವಸ್ತು ಎರಡಾಯಿತು. ಆ ಹಿರಿಯರು ಕೇಳದೆ ಸುಮ್ಮನೆ ಅಂಗಡಿಗೆ ಹೋಗಿ ಎರಡೂ ಹೆಸರು ಹೇಳಿದ್ದರೆ ಏನಾಗುತ್ತಿತ್ತು? ಶೇಕಡಾ 1ರ ದ್ರಾವಣಕ್ಕೆ ತಾಮ್ರ ದುಪ್ಪಟ್ಟಾಗಿ, ಸುಣ್ಣ ಸಾಲದೆ, ಎಳೆಯ ಕಾಯಿಯೇ ಸುಡುತ್ತಿತ್ತು.

ಮನೆಗೆ ಬಂದು ರಾತ್ರಿ ಆ ಪುಟವನ್ನು ಮತ್ತೆ ಓದಿದೆ. ಅಲ್ಲಿಯವರೆಗೆ ಒಂದೇ ದನಿ ಎಂದರೆ ಓದುವವರಿಗೆ ಹಿತವಾಗಲಿ ಎಂಬ ಕಾರಣಕ್ಕೆ ಎಂದೇ ನಾನು ತಿಳಿದಿದ್ದೆ. ತಯಾರಿಕೆಯ ಕೈಪಿಡಿಯಲ್ಲಿ ಹಾಗಲ್ಲ. ದನಿ ಬದಲಾದರೆ ಓದುಗರು ಅದಕ್ಕೂ ಒಂದು ಅರ್ಥ ಹುಡುಕುತ್ತಾರೆ. ಮಾತು ಬದಲಾಯಿತು ಎಂದರೆ ಹೇಳುತ್ತಿರುವ ವಸ್ತುವೋ ಕೆಲಸವೋ ಬದಲಾಗಿರಬೇಕು ಎಂದು ನಂಬುತ್ತಾರೆ, ನಂಬುವುದೇ ಸರಿ.

ಇನ್ನೆಲ್ಲೆಲ್ಲಿ ಹೀಗಾಗಿದೆ ಎಂದು ಹುಡುಕಲು ಒಂದು ಉಪಾಯ ಆ ರಾತ್ರಿಯೇ ಹೊಳೆಯಿತು. ಕನ್ನಡದ ವಾಕ್ಯ ಸಾಮಾನ್ಯವಾಗಿ ಕ್ರಿಯಾಪದದಲ್ಲಿ ಮುಗಿಯುತ್ತದೆ. ಹೇಳುವವರು ಯಾರು, ಕೇಳುವವರನ್ನು ಅವರು ಎಲ್ಲಿ ಕೂರಿಸಿದ್ದಾರೆ ಎಂಬುದು ಆ ಕೊನೆಯ ಪದದಲ್ಲಿ ಗೊತ್ತಾಗುತ್ತದೆ. ಹಾಗಾಗಿ ಒಂದು ಹಾಳೆಯಲ್ಲಿ ಪುಟ 5ರ ಪ್ರತಿ ವಾಕ್ಯದ ಕೊನೆಯ ಪದವನ್ನಷ್ಟೇ ಒಂದರ ಕೆಳಗೆ ಒಂದು ಬರೆಯುತ್ತ ಹೋದೆ. ಕರಗಿಸಿರಿ. ಅರಳಿಸತಕ್ಕದ್ದು. ಸೋಸಿ. ಖಚಿತಪಡಿಸಿಕೊಳ್ಳುವುದು. ಬೆರೆಸಲಾಗುತ್ತದೆ. ಕಲಕುತ್ತ ಇರಬೇಕು. ಬಳಸುವಂತಿಲ್ಲ. ಅದ್ದಿ ನೋಡೋಣ.

ಐವರ ಕೈಯೂ ಆ ಪಟ್ಟಿಯಲ್ಲಿ ಕಾಣಿಸಿತು. "ತಕ್ಕದ್ದು" ಕಾರ್ಯದರ್ಶಿಯವರದು, ಅವರು ದಿನವಿಡೀ ಸುತ್ತೋಲೆ ಬರೆಯುವವರು. "ಲಾಗುತ್ತದೆ" ತಜ್ಞರದು, ಪ್ರಬಂಧಗಳ ಭಾಷೆ. "ನೋಡೋಣ" ಕ್ಷೇತ್ರ ಸಹಾಯಕರದು, ತೋಟದಲ್ಲಿ ನಿಂತು ತೋರಿಸುವಾಗ ಅವರು ಹಾಗೆಯೇ ಹೇಳುತ್ತಾರೆ. ಅವರವರ ಜಾಗದಲ್ಲಿ ಎಲ್ಲವೂ ಸಹಜ. ಇಲ್ಲಿ ಮಾತ್ರ ಓದುಗರು ಒಂದು ಸಾಲಿನಲ್ಲಿ ಆಜ್ಞೆ ಕೇಳಿ, ಮರುಸಾಲಿನಲ್ಲಿ ಬೇರೆ ಯಾರೋ ಮಾಡುವ ಕೆಲಸದ ವರದಿ ಓದಿ, ಆಮೇಲೆ ಯಾರ ಜೊತೆಗೋ ಸೇರಿ, ದ್ರಾವಣ ಸರಿಯಾಗಿದೆಯೇ ಎಂದು ನೋಡಲು ಚಾಕು ಅದ್ದಬೇಕಾಗಿತ್ತು. "ಬೆರೆಸಲಾಗುತ್ತದೆ" ಎಂಬುದಂತೂ ಅಪಾಯದ ಪದ. ಯಾರು ಬೆರೆಸುತ್ತಾರೆ? ಅಂಗಡಿಯಲ್ಲೇ ಬೆರೆಸಿ ಕೊಡುತ್ತಾರೆ ಎಂದು ತಿಳಿದುಕೊಂಡರೆ ಓದುಗರ ತಪ್ಪಿಲ್ಲ.

ಎತ್ತಿಟ್ಟಿದ್ದ ಮೊದಲ ಪ್ರತಿಯನ್ನು ತೆರೆದೆ. ಸೇರಿಸಿದ ಕಡತವನ್ನು ಪೂರ್ತಿ ಬದಿಗಿಟ್ಟು ಮತ್ತೆ ಮೊದಲಿನಿಂದ ಆರಂಭಿಸಿದೆ.

ಈ ಸಲ ಮೊದಲು ಒಂದು ಹಾಳೆ ಸಿದ್ಧ ಮಾಡಿದೆ. ಸಲಹೆ ಕೇಳುವ ಮೊದಲೇ ಮಾಡಿ ಕರಡಿನ ಜೊತೆ ಕಳುಹಿಸಬೇಕಿದ್ದ ಹಾಳೆ ಅದು. ಅದರಲ್ಲಿ ಮೇಲುಗಡೆ ಬರೆದದ್ದು, ಈ ಕೈಪಿಡಿಯಲ್ಲಿ ಮಾತಾಡುತ್ತಿರುವವರು ಯಾರು ಎಂದು: ಪಕ್ಕದ ಊರಿನಿಂದ ಬಂದ, ಬೋರ್ಡೋ ಕೆಲಸ ಚೆನ್ನಾಗಿ ಬಲ್ಲ ನೆಂಟರು, ಅಂಗಳದಲ್ಲಿ ಡ್ರಮ್ಮಿನ ಪಕ್ಕ ನಿಂತು ಹೇಳುತ್ತಿದ್ದಾರೆ. ಅದೊಂದು ತೀರ್ಮಾನವಾದ ಮೇಲೆ ಉಳಿದದ್ದು ತಾನಾಗಿ ಬಂತು. ನೆಂಟರು ನೀವು ಎನ್ನುತ್ತಾರೆ, ತಕ್ಕದ್ದು ಎನ್ನುವುದಿಲ್ಲ. ಮಾಡಬೇಕಾದ ಕೆಲಸಕ್ಕೆ ಸುರಿಯಿರಿ, ಕಲಕಿರಿ ಎಂಬ ರೂಪ ಮಾತ್ರ. ತಪ್ಪಿದರೆ ಹಾನಿಯಾಗುವ ಕಡೆ ಮಾತ್ರ "ಬಾರದು". ಕೈಪಿಡಿಯಲ್ಲಿ ನಾವು ಎಂಬ ಪದವೇ ಇರುವುದಿಲ್ಲ, ಏಕೆಂದರೆ ಕನ್ನಡದ ನಾವು ಕೇಳುವವರನ್ನು ಒಳಗೆ ಸೇರಿಸಿಕೊಂಡಿದೆಯೋ ಹೊರಗೆ ಬಿಟ್ಟಿದೆಯೋ ಪದದಿಂದ ಗೊತ್ತಾಗುವುದಿಲ್ಲ. "ನಾವು ಶಿಫಾರಸು ಮಾಡುತ್ತೇವೆ" ಎಂಬಲ್ಲಿ ಅದು ಸಂಸ್ಥೆ, "ನಾವು ಚಾಕು ಅದ್ದಿದಾಗ" ಎಂಬಲ್ಲಿ ಓದುಗರೂ ಸೇರಿದ ಗುಂಪು.

ಹೆಸರುಗಳಿಗೆ ಬೇರೆ ಪಟ್ಟಿ. ಒಂದು ವಸ್ತುವಿಗೆ ಒಂದೇ ಹೆಸರು. ಮೈಲುತುತ್ತು ಎಂಬುದನ್ನೇ ಇಟ್ಟುಕೊಂಡು, ಮೊದಲ ಸಲ ಬರುವಲ್ಲಿ ಮಾತ್ರ "ಅಂಗಡಿಯಲ್ಲಿ ಇದನ್ನೇ ಕಾಪರ್ ಸಲ್ಫೇಟ್ ಎನ್ನುತ್ತಾರೆ" ಎಂದು ಬರೆದೆ. ರೋಗದ ಹೆಸರಿನಲ್ಲೂ ಇದೇ ತೊಡಕು. ನಮ್ಮ ಮಲೆನಾಡಿನಲ್ಲಿ ಕೊಳೆರೋಗ, ಸುಳ್ಯ ಪುತ್ತೂರಿನ ಕಡೆ ಮಹಾಳಿ. ಸುಳ್ಯದವರು ಕರಡಿನ ಅರ್ಧ ಭಾಗದಲ್ಲಿ ಕೊಳೆರೋಗವನ್ನು ಹೊಡೆದುಹಾಕಿ ಮಹಾಳಿ ಎಂದು ತಿದ್ದಿದ್ದರು, ಇನ್ನರ್ಧದಲ್ಲಿ ಬಿಟ್ಟುಬಿಟ್ಟಿದ್ದರು. ಅವರ ಕಾಳಜಿ ನ್ಯಾಯವಾದದ್ದು, ಅವರ ಕಡೆಯ ಓದುಗರಿಗೆ ಇದು ತಮ್ಮದೇ ತೋಟದ ರೋಗ ಎಂದು ಮೊದಲ ನೋಟಕ್ಕೆ ಗೊತ್ತಾಗಬೇಕು. ಅದಕ್ಕೆ ಮುಖಪುಟದಲ್ಲಿ ಎರಡೂ ಹೆಸರನ್ನು ಸಮನಾಗಿ ಇಟ್ಟು, ಒಳಗೆ ಕೊಳೆರೋಗ ಎಂದೇ ಉಳಿಸಿಕೊಂಡೆ.

ಇಷ್ಟಾದ ಮೇಲೆ 137 ಸಲಹೆಗಳಿಗೆ ಕುಳಿತೆ. ಒಂದು ಕೋಷ್ಟಕ ಮಾಡಿ ಪುಟ, ಹೇಳಿದವರು, ಹೇಳಿದ್ದು ಎಂದು ಸಾಲು ಹಾಕಿದೆ. ನಾಲ್ಕನೆಯ ಅಂಕಣದಲ್ಲಿ, ಇದನ್ನು ಅವರು ಯಾಕೆ ಹೇಳಿದರು ಎಂದು ಬರೆದೆ. ಕಷ್ಟವೆಲ್ಲ ಇದ್ದದ್ದು ಈ ಅಂಕಣದಲ್ಲಿ, ಫಲ ಕೊಟ್ಟದ್ದೂ ಇದೇ. ತಿದ್ದುವವರು ಸಾಮಾನ್ಯವಾಗಿ ಕಾರಣ ಹೇಳುವುದಿಲ್ಲ, ನೇರವಾಗಿ ಬದಲಿ ವಾಕ್ಯ ಕೊಟ್ಟುಬಿಡುತ್ತಾರೆ. ವಾಕ್ಯ ಅವರ ದನಿಯದು, ಅದು ನನಗೆ ಬೇಡ. ಅದರ ಹಿಂದೆ ಅವರು ಕಂಡ ಕೊರತೆ ಮಾತ್ರ ನನಗೆ ಬೇಕು. ಕಾರಣ ಹೊಳೆಯದ ಕಡೆ ಫೋನ್ ಮಾಡಿ ಕೇಳಿದೆ. ಹೀಗೆ ಕೇಳಬೇಕಾಗಿ ಬಂದದ್ದು ಇಪ್ಪತ್ತೆರಡಕ್ಕೆ.

ಒಂದನ್ನು ಪೂರ್ತಿ ಹೇಳುತ್ತೇನೆ. ನನ್ನ ಕರಡಿನಲ್ಲಿ ಹೀಗಿತ್ತು: "ಎರಡೂ ದ್ರಾವಣಗಳನ್ನು ಒಟ್ಟಿಗೆ ಬೆರೆಸಿರಿ." ತಜ್ಞರು ಇದನ್ನು ತೆಗೆದು ಐದು ಸಾಲಿನ ಒಂದು ವಾಕ್ಯ ಹಾಕಿದ್ದರು. ಅದು ತಾಮ್ರದ ಸಲ್ಫೇಟ್ ದ್ರಾವಣವನ್ನು ಸುಣ್ಣದ ದ್ರಾವಣಕ್ಕೆ ಸೇರ್ಪಡೆಗೊಳಿಸುವ ಕ್ರಮದ ಬಗ್ಗೆ ಇತ್ತು, ಕಣಗಳ ಗಾತ್ರದ ವಿವರಣೆಯೂ ಸೇರಿತ್ತು. ಕ್ಷೇತ್ರ ಸಹಾಯಕರು ಅದೇ ಜಾಗದಲ್ಲಿ "ನಾಝಲ್ ಕಟ್ಟಿಕೊಳ್ಳುತ್ತದೆ, ಅದರ ಬಗ್ಗೆ ಬರೆಯಿರಿ" ಎಂದಿದ್ದರು. ಅಕ್ಕ ಪೆನ್ಸಿಲಿನಲ್ಲಿ ಬರೆದದ್ದು ಎರಡೇ ಪದ: "ಯಾವುದಕ್ಕೆ ಯಾವುದು?"

ಮೇಲುನೋಟಕ್ಕೆ ಮೂರು ಬೇರೆ ಸಲಹೆಗಳು. ಕಾರಣದ ಅಂಕಣ ತುಂಬುವಾಗ ಮೂರೂ ಒಂದೇ ಎಂದು ಗೊತ್ತಾಯಿತು. ಸುಣ್ಣದ ನೀರಿಗೆ ತುತ್ತಿನ ನೀರನ್ನು ನಿಧಾನವಾಗಿ ಸುರಿದರೆ ಕಣಗಳು ನುಣುಪಾಗಿ, ಹಗುರವಾಗಿ ತೇಲುತ್ತವೆ. ತಿರುಗಾಮುರುಗಾ ಮಾಡಿದರೆ ಕಣಗಳು ದಪ್ಪಗಾಗಿ ತಳ ಹಿಡಿಯುತ್ತವೆ. ತಜ್ಞರಿಗೆ ಕಂಡದ್ದು ಕಾರಣ, ಕ್ಷೇತ್ರ ಸಹಾಯಕರಿಗೆ ಕಂಡದ್ದು ಪರಿಣಾಮ, ಅಕ್ಕನಿಗೆ ಕಂಡದ್ದು ನನ್ನ ವಾಕ್ಯದಲ್ಲಿದ್ದ ತೂತು. ಮೂರು ಕಾಗದಗಳನ್ನೂ ಮುಚ್ಚಿಟ್ಟು, ಡ್ರಮ್ಮಿನ ಪಕ್ಕ ನಿಂತ ನೆಂಟರ ಬಾಯಲ್ಲಿ ಬರೆದೆ:

"ತುತ್ತಿನ ನೀರನ್ನು ಸುಣ್ಣದ ನೀರಿಗೆ ಸುರಿಯಿರಿ. ಸುಣ್ಣವನ್ನು ತುತ್ತಿನ ನೀರಿಗೆ ಸುರಿಯಬಾರದು. ನಿಧಾನವಾಗಿ ಸುರಿಯುತ್ತ, ಕೋಲಿನಿಂದ ಕಲಕುತ್ತ ಇರಿ. ಕ್ರಮ ತಪ್ಪಿದರೆ ಔಷಧ ತಳ ಹಿಡಿದು ನಾಝಲ್ ಕಟ್ಟಿಕೊಳ್ಳುತ್ತದೆ, ಕಾಯಿಯ ಮೇಲೂ ನಿಲ್ಲುವುದಿಲ್ಲ."

ಇದರಲ್ಲಿ ಮೂವರ ವಾಕ್ಯವೂ ಇಲ್ಲ, ಮೂವರು ಹೇಳಿದ್ದೂ ಇದೆ. ಕಾಗದಗಳನ್ನು ಮುಚ್ಚಿಡುವುದು ನಿಜವಾಗಿಯೂ ಮಾಡಬೇಕಾದ ಕೆಲಸ. ಕಣ್ಣೆದುರು ಇದ್ದರೆ ಅವರ ಪದಗಳು ಬೆರಳಿಗೆ ಅಂಟಿಕೊಂಡೇ ಬರುತ್ತವೆ. ನಾನು ಎರಡು ಕಡೆ ಮುಚ್ಚದೆ ಬರೆದೆ, ಆ ಎರಡೂ ಕಡೆ "ಸೇರ್ಪಡೆಗೊಳಿಸಿ" ಮತ್ತೆ ಬಂದಿತ್ತು.

ಪರಸ್ಪರ ಒಪ್ಪದ ಸಲಹೆಗಳ ವಿಷಯ ಬೇರೆ. ಮೊದಲ ಸುತ್ತು ಯಾವಾಗ ಹೊಡೆಯಬೇಕು ಎಂಬಲ್ಲಿ ತಜ್ಞರು "ಮುಂಗಾರು ಆರಂಭಕ್ಕೆ ಮುನ್ನ ಕಡ್ಡಾಯವಾಗಿ" ಎಂದಿದ್ದರು. ಕ್ಷೇತ್ರ ಸಹಾಯಕರು "ಮಳೆ ಹೊಳವಾದಾಗ", ಅಂದರೆ ಮಳೆ ಬಿಡುವು ಕೊಟ್ಟಾಗ, ಎಂದು ತಿದ್ದಿದ್ದರು. ನಾನು ಮೊದಲು ಬರೆದ ಸಂಧಾನದ ವಾಕ್ಯ "ಸಾಧ್ಯವಾದಷ್ಟು ಬೇಗ, ಅನುಕೂಲ ನೋಡಿಕೊಂಡು". ಇಬ್ಬರಿಗೂ ಬೇಸರವಾಗದ ಆ ವಾಕ್ಯದಿಂದ ತೋಟದವರಿಗೆ ಏನೂ ತಿಳಿಯುವುದಿಲ್ಲ. ಇಬ್ಬರನ್ನೂ ಒಂದೇ ಫೋನ್ ಕರೆಯಲ್ಲಿ ಕೂರಿಸಿದೆ. ಹತ್ತು ನಿಮಿಷದಲ್ಲಿ ಗೊತ್ತಾಯಿತು, ಅವರಲ್ಲಿ ಭಿನ್ನಾಭಿಪ್ರಾಯವೇ ಇರಲಿಲ್ಲ. ಮಳೆಗೆ ಮುಂಚೆಯೇ ಆಗಬೇಕು ಎಂಬುದನ್ನು ಇಬ್ಬರೂ ಒಪ್ಪುತ್ತಾರೆ. ಆದರೆ ಮಳೆಗೆ ಮುಂಚಿನ ಹದಿನೈದು ದಿನಗಳಲ್ಲಿ ಮರ ಹತ್ತುವ ಕೊನೆಗಾರರು ಎಲ್ಲ ತೋಟಕ್ಕೂ ಸಿಗುವುದಿಲ್ಲ, ಅಂಥವರು ಮುಂದೆ ಏನು ಮಾಡಬೇಕು ಎಂಬುದು ಕ್ಷೇತ್ರ ಸಹಾಯಕರ ಪ್ರಶ್ನೆ. ಹಾಗಾಗಿ ಎರಡು ವಾಕ್ಯಗಳಾದವು. "ಮೊದಲ ಸುತ್ತು ಮಳೆ ಹಿಡಿಯುವ ಮೊದಲೇ ಮುಗಿಸಿರಿ. ಕೊನೆಗಾರರು ಸಿಗದೆ ತಡವಾದರೆ, ಮಳೆ ಹೊಳವಾದ ಮೊದಲ ದಿನವೇ, ಗೊನೆಯ ಮೇಲಿನ ನೀರು ಆರಿದ ನಂತರ ಹೊಡೆಯಿರಿ." ಎರಡನೆಯ ಸುತ್ತು 40ರಿಂದ 45 ದಿನಗಳ ನಂತರ ಎಂಬಲ್ಲಿ ಯಾರದೂ ತಕರಾರಿರಲಿಲ್ಲ.

ಯಾರೂ ಏನೂ ಹೇಳದೆ ಬಿಟ್ಟ ಜಾಗವೂ ಒಂದಿತ್ತು. ನನಗೆ ಬಹಳ ಇಷ್ಟವಾದ ಮೊದಲ ಪುಟ. 1885ರ ಸುಮಾರಿಗೆ ಫ್ರಾನ್ಸ್‌ನ ಬೋರ್ಡೋ ಪ್ರದೇಶದಲ್ಲಿ ಮಿಲ್ಲಾರ್ದೆ ಎಂಬ ವಿಜ್ಞಾನಿ ದ್ರಾಕ್ಷಿಯ ರೋಗಕ್ಕೆ ಈ ಮಿಶ್ರಣ ಕಂಡುಕೊಂಡದ್ದು, ಮೈಸೂರು ಸಂಸ್ಥಾನದಲ್ಲಿ ಲೆಸ್ಲಿ ಕೋಲ್ಮನ್ ಅವರು ಕಳೆದ ಶತಮಾನದ ಮೊದಲ ದಶಕಗಳಲ್ಲಿ ಕೊಳೆರೋಗವನ್ನು ಅಭ್ಯಾಸ ಮಾಡಿ ಅದನ್ನು ಮಲೆನಾಡಿನ ತೋಟಗಳಿಗೆ ತಂದದ್ದು, ಇದನ್ನೆಲ್ಲ ಅಲ್ಲಿ ಪ್ರೀತಿಯಿಂದ ಬರೆದಿದ್ದೆ. ಬೇರೆ ಪುಟಗಳಲ್ಲಿ ಹತ್ತೆಂಟು ಗುರುತುಗಳಿದ್ದರೆ ಅಲ್ಲಿ ಒಂದೂ ಇರಲಿಲ್ಲ. ಮೆಚ್ಚಿಕೊಂಡಿದ್ದಾರೆ ಎಂದುಕೊಂಡಿದ್ದೆ. ಕೇಳಿದಾಗ ಗೊತ್ತಾಯಿತು, ಮೂವರು ಆ ಪುಟವನ್ನು ಓದದೆ ದಾಟಿ ಮುಂದೆ ಹೋಗಿದ್ದರು. ಅದರ ದನಿ ಉಳಿದ ಪುಟಗಳದ್ದಲ್ಲ, ಡ್ರಮ್ಮಿನ ಪಕ್ಕ ನಿಂತವರು ಹಾಗೆ ಕಥೆ ಹೇಳುವುದಿಲ್ಲ. ಆರು ಸಾಲಿಗೆ ಇಳಿಸಿ ಹಿಂಬದಿ ರಕ್ಷಾಪುಟದ ಒಳಗೆ ಹಾಕಿದೆ. ನನ್ನ ದನಿಯೂ ಹಾಳೆಯ ನಿಯಮಕ್ಕೆ ಒಳಪಟ್ಟದ್ದೇ.

ಎರಡು ಕಡೆ ಮಾತ್ರ ಬೇರೆ ದನಿ ಹಾಗೇ ಇರಲಿ ಎಂದು ಬಿಟ್ಟೆ. ಮೈಲುತುತ್ತಿನ ಚೀಲದ ಮೇಲೆ ಅಚ್ಚಾಗಿರುವ ಎಚ್ಚರಿಕೆಯ ಮಾತುಗಳನ್ನು ಚೌಕಟ್ಟಿನೊಳಗೆ ಇದ್ದಂತೆಯೇ ಇಟ್ಟೆವು, ಓದುಗರು ಚೀಲದ ಮೇಲೆ ಅದೇ ಪದಗಳನ್ನು ನೋಡಬೇಕು. ಇನ್ನೊಂದು, ಮಳೆಯಲ್ಲಿ ಜಾರುವ ಮರ ಹತ್ತುವುದರ ಬಗ್ಗೆ ಒಬ್ಬ ಕೊನೆಗಾರರು ಹೇಳಿದ ನಾಲ್ಕು ಮಾತು. ಅದನ್ನು ಉದ್ಧರಣ ಚಿಹ್ನೆಯೊಳಗೆ ಅವರ ಮಾತಾಗಿಯೇ ಇಟ್ಟೆ. ಬೇರೆಯವರು ಮಾತಾಡುತ್ತಿದ್ದಾರೆ ಎಂದು ಕಣ್ಣಿಗೆ ಕಾಣುವಂತಿದ್ದರೆ ದನಿ ಬದಲಾದರೂ ಗೊಂದಲವಿಲ್ಲ.

ಕೊನೆಯ ಸುತ್ತಿನಲ್ಲಿ ಕಡತದಲ್ಲಿ ಕೈಯಾಡಿಸುವವಳು ನಾನೊಬ್ಬಳೇ ಎಂದು ಎಲ್ಲರಿಗೂ ತಿಳಿಸಿದೆ. ಕೋಷ್ಟಕಕ್ಕೆ ಐದನೆಯ ಅಂಕಣ ಸೇರಿಸಿ, ಪ್ರತಿ ಸಲಹೆಯೂ ಏನಾಯಿತು ಎಂದು ಒಂದು ಸಾಲಿನಲ್ಲಿ ಬರೆದು ಐವರಿಗೂ ಕಳುಹಿಸಿದೆ. ಬಿಟ್ಟವು ಮೂವತ್ತೊಂದು. ಅವುಗಳಲ್ಲಿ ಹೆಚ್ಚಿನವು "ಮತ್ತು" ಬದಲು "ಹಾಗೂ" ಎಂಬಂಥ ರುಚಿಯ ಮಾತುಗಳು. ತಜ್ಞರಿಗೆ ಮಾತ್ರ ಬೇಸರವಾಯಿತು. ಅವರ ಮೂರು ಪುಟಗಳಲ್ಲಿ ಒಂದು ವಾಕ್ಯವೂ ಇಡಿಯಾಗಿ ಉಳಿದಿರಲಿಲ್ಲ. ಅವರ ಮನೆಗೆ ಹೋದೆ. "ಸರ್, ನೀವು ಹೇಳಿದ ಹನ್ನೊಂದು ವಿಷಯಗಳಲ್ಲಿ ಹತ್ತು ಇಲ್ಲಿವೆ" ಎಂದು ಒಂದೊಂದನ್ನೂ ಬೆರಳಿಟ್ಟು ತೋರಿಸಿದೆ. ಹನ್ನೊಂದನೆಯದು ರೋಗಾಣುವಿನ ವೈಜ್ಞಾನಿಕ ಹೆಸರು, ಅದು ಬೇಡ ಎಂದು ನಾನೇ ಬಿಟ್ಟದ್ದು. ಅವರು ಬಹಳ ಹೊತ್ತು ಓದಿದರು. ಆಮೇಲೆ ಪೆನ್ನು ತೆಗೆದು ಒಂದೇ ಒಂದು ತಿದ್ದಿದರು. "ಪಾತ್ರೆಯಲ್ಲಿ" ಎಂದಿದ್ದ ಕಡೆ "ಪ್ಲಾಸ್ಟಿಕ್ ಡ್ರಮ್ಮಿನಲ್ಲಿ" ಎಂದು ಬರೆದರು. ಕಬ್ಬಿಣದ ಪಾತ್ರೆಯಲ್ಲಿ ತುತ್ತಿನ ನೀರು ಇಟ್ಟರೆ ತಾಮ್ರವೆಲ್ಲ ಕಬ್ಬಿಣಕ್ಕೆ ಕೂರುತ್ತದೆ, ಪಾತ್ರೆಯೂ ಹಾಳು ಎಂದರು. ಆ ತಿದ್ದುಪಡಿ ಹಾಳೆಯ ದನಿಯಲ್ಲೇ ಇತ್ತು, ಬದಲಿಸಬೇಕಾಗಲಿಲ್ಲ.

ಅಚ್ಚಿಗೆ ಕೊಡುವ ಹಿಂದಿನ ದಿನ ಮತ್ತೆ ಆ ಹಿರಿಯರ ಮನೆಗೆ ಹೋಗಿ ಪುಟ 5 ಮತ್ತು 6 ಕೊಟ್ಟೆ. ಗಟ್ಟಿಯಾಗಿ ಓದಿದರು, ಎಲ್ಲೂ ಹಿಂದಕ್ಕೆ ಹೋಗಲಿಲ್ಲ. ದ್ರಾವಣ ಸರಿಯಾಗಿದೆಯೇ ಎಂದು ನೋಡುವ ಭಾಗ ಬಂತು: ಉಜ್ಜಿ ಹೊಳಪು ಮಾಡಿದ ಚಾಕುವನ್ನು ಸ್ವಲ್ಪ ಹೊತ್ತು ಅದ್ದಿ ತೆಗೆಯಿರಿ, ಅಲಗಿನ ಮೇಲೆ ತಾಮ್ರದ ಕೆಂಪು ಕೂತಿದ್ದರೆ ಸುಣ್ಣ ಸಾಲದು. ಅಲ್ಲಿ ತಲೆ ಎತ್ತಿದರು.

"ಸಾಲದು ಸರಿ. ಎಷ್ಟು ಹಾಕಲಿ?"

137 ಸಲಹೆಗಳಲ್ಲಿ ಈ ಪ್ರಶ್ನೆ ಇರಲಿಲ್ಲ. ಸುಣ್ಣದ ಗುಣ ಒಂದೊಂದು ಕಡೆ ಒಂದೊಂದು ಬಗೆ, ಅಳತೆ ಹೇಳಲು ಬರುವುದಿಲ್ಲ. ಅಲ್ಲೇ ಅವರ ಜಗಲಿಯ ಮೇಲೆ ಕೂತು ಬರೆದೆ: "ಸುಣ್ಣದ ನೀರನ್ನು ಸ್ವಲ್ಪ ಸ್ವಲ್ಪವೇ ಸೇರಿಸಿ ಕಲಕಿರಿ. ಚಾಕುವನ್ನು ಒರೆಸಿ ಮತ್ತೆ ಅದ್ದಿರಿ. ಕೆಂಪು ಬರುವುದು ನಿಂತ ಮೇಲೆ ಸುಣ್ಣ ಹಾಕುವುದನ್ನು ನಿಲ್ಲಿಸಿರಿ." ಅವರು ಅದನ್ನೂ ಗಟ್ಟಿಯಾಗಿ ಓದಿ, ಪುಟವನ್ನು ನನ್ನ ಕೈಗೆ ಕೊಟ್ಟು, ಹಳೆಯ ಚಾಕು ಹುಡುಕಲು ಒಳಗೆ ಹೋದರು.